ಬೆಳಗಿನ ಜಾವ 4.30ಕ್ಕೆ ಎಬ್ಬಿಸುವ ಬೆಕ್ಕು

ಪ್ರಶ್ನೆ (ಹಾಸನ): ನಮ್ಮ ಹೆಣ್ಣು ಬೆಕ್ಕಿಗೆ ಒಂದೂವರೆ ವರ್ಷ. ಮಕ್ಕಳಾಗದಂತೆ ಆಪರೇಷನ್ ಆಗಿದೆ, ಮನೆಯೊಳಗೇ ಇರುತ್ತದೆ. ರಾತ್ರಿ 11ಕ್ಕೆ ಹಜಾರದಿಂದ ಅಡುಗೆಮನೆಗೆ ಓಟ ಶುರು. ಬೆಳಗಿನ ಜಾವ 4.30ಕ್ಕೆ ಎದೆಯ ಮೇಲೆ ಕುಳಿತು ಕೂಗುತ್ತದೆ. ಒಂದು ಹಿಡಿ ತಿಂಡಿ ಹಾಕಿದರೆ ಸುಮ್ಮನಾಗುತ್ತದೆ. ಸಂಜೆ 7ಕ್ಕೇ ಊಟ ಕೊಟ್ಟಿರುತ್ತೇವೆ. ಏನು ಮಾಡಲಿ ಡಾಕ್ಟರೇ?

ಸಕಲೇಶಪುರದ ಸದಸ್ಯರು: ಬೆಕ್ಕು ನಿಶಾಚರಿ, ಹುಟ್ಟುಗುಣ ಹೋಗುವುದಿಲ್ಲ. ಬಾಗಿಲು ಹಾಕಿಕೊಂಡು ಮಲಗಿ.

ಪಶುವೈದ್ಯರು: ಹುಟ್ಟುಗುಣ ಎಂಬುದು ನಿಜ, ನಿಶಾಚರಿ ಎಂಬುದು ಅಷ್ಟು ಸರಿಯಲ್ಲ. ಬೆಕ್ಕು ಹೆಚ್ಚು ಚುರುಕಾಗುವುದು ಮುಸ್ಸಂಜೆ ಮತ್ತು ನಸುಕಿನಲ್ಲಿ. ಹಗಲೆಲ್ಲ ಮಲಗಿ ಎದ್ದ ಬೆಕ್ಕಿಗೆ ಮನೆಯೊಳಗೆ ಬೇಟೆಯಿಲ್ಲ; ಓಡುತ್ತದೆ. ಆ ಓಟದ ಹೊತ್ತನ್ನು ಹಿಂದಕ್ಕೆ ಸರಿಸಬಹುದು.

ಬೆಳಗಿನ ಕೂಗು ಮಾತ್ರ ನೀವೇ ಕಲಿಸಿದ್ದು. 7ಕ್ಕೆ ತಿಂದದ್ದು ಅಷ್ಟರಲ್ಲಿ ಕರಗಿರುತ್ತದೆ, ಕೂಗಿದರೆ ಕೂಲಿಯೂ ಸಿಗುತ್ತದೆ.

ದಿನದ ಊಟವನ್ನು ಹೆಚ್ಚಿಸದೆ, ಅದರಲ್ಲೇ ಒಂದು ಪಾಲನ್ನು ರಾತ್ರಿ 10ಕ್ಕೆ ಉಳಿಸಿ. ಅದಕ್ಕೆ ಮೊದಲು ಹದಿನೈದು ನಿಮಿಷ ಆಟ. ಕೋಲಿಗೆ ದಾರ ಕಟ್ಟಿ, ತುದಿಗೊಂದು ಗರಿ ಸಿಕ್ಕಿಸಿ. ಅದನ್ನು ಬೆಕ್ಕಿನ ಮುಖಕ್ಕೆ ಹಿಡಿದು ಆಡಿಸಬೇಡಿ. ಯಾವ ಇಲಿಯೂ ಬೆಕ್ಕಿನ ಮುಖಕ್ಕೆ ಬಂದು ಕುಣಿಯುವುದಿಲ್ಲ. ಸೋಫಾದ ಮರೆಗೆ ಸರಿದು ಹೋಗಲಿ. ಆಗಾಗ ಹಿಡಿಯಲು ಬಿಡಿ, ಕೊನೆಗೆ ನಿಧಾನಗೊಳಿಸಿ, ಕೂಡಲೇ ತಟ್ಟೆ ಇಡಿ. ಬೇಟೆಯಾಡಿ ತಿಂದ ಬೆಕ್ಕು ಮೈ ನೆಕ್ಕಿಕೊಂಡು ಮಲಗುತ್ತದೆ. ದಾರವನ್ನು ಎತ್ತಿಡಿ, ನುಂಗಿದರೆ ಕರುಳಿಗೆ ಸಿಕ್ಕಿ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು.

ಬೆಳಿಗ್ಗೆ ನೀವು ಎದ್ದ ಕೂಡಲೇ ಊಟ ಬೇಡ, ಕಾಫಿ ಕುಡಿದ ಮೇಲೆ ಹಾಕಿ. ಕೂಗಿಗೆ ಏಳಬೇಡಿ, ಬೈಯಲೂ ಬೇಡಿ. ಬೈಗುಳವೂ ಅದಕ್ಕೆ ಉತ್ತರವೇ. ಮೊದಲ ಕೆಲವು ದಿನ ಕೂಗು ಜೋರಾಗುತ್ತದೆ. ಐದನೆಯ ದಿನ ಸೋತು ತಿಂಡಿ ಹಾಕಿದಿರೋ, ಐದು ದಿನ ಹಟ ಹಿಡಿದರೆ ಸಿಗುತ್ತದೆ ಎಂದು ಅದು ಕಲಿತಂತೆ.

ಮೂಡಿಗೆರೆಯ ಸದಸ್ಯರು: ನಮ್ಮ ಮುದಿ ಬೆಕ್ಕಿಗೆ 13 ವರ್ಷ. ಎರಡು ತಿಂಗಳಿಂದ ರಾತ್ರಿಯಿಡೀ ಕೂಗುತ್ತದೆ, ತುಂಬಾ ನೀರು ಕುಡಿಯುತ್ತದೆ, ಇಳಿದುಹೋಗಿದೆ. ಈ ಗರಿಯ ಆಟ ಆಡಿಸಲೇ?

ಪಶುವೈದ್ಯರು: ಬೇಡ, ನಿಮ್ಮದು ಬೇರೆ ವಿಷಯ. ಮೂತ್ರಪಿಂಡ, ಥೈರಾಯ್ಡ್, ಸಕ್ಕರೆ ಕಾಯಿಲೆ, ಯಾವುದೂ ಇರಬಹುದು. ಈ ವಾರವೇ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ, ರಕ್ತದೊತ್ತಡವನ್ನೂ ನೋಡಿಸಿ.

ಸಕಲೇಶಪುರದ ಸದಸ್ಯರು: ಹಾಗಾದರೆ ಬಾಗಿಲು ಹಾಕುವುದು ತಪ್ಪೇ?

ಪಶುವೈದ್ಯರು: ತಪ್ಪಲ್ಲ. ಬಾಗಿಲು ಕೆರೆಯುವ ಸದ್ದಿಗೂ ನೀವು ಏಳದಿದ್ದರೆ ಸರಿ.

ಪ್ರಶ್ನೆ ಕೇಳಿದವರು (ಹನ್ನೆರಡು ದಿನಗಳ ನಂತರ): ರಾತ್ರಿಯ ಓಟ ನಿಂತಿದೆ. ನಾಲ್ಕನೆಯ ದಿನ ಪರದೆ ಹರಿಯಿತು, ಆದರೂ ಏಳಲಿಲ್ಲ. ಈಗ 5.15ರವರೆಗೆ ಮಲಗುತ್ತದೆ, ಆಮೇಲೆ ಕೂಗು. ಅಷ್ಟು ಹೊತ್ತಿಗೆ ಅತ್ತೆ ಎದ್ದು ಹಾಲು ಇಡುತ್ತಾರೆ.

ಪಶುವೈದ್ಯರು: ಕೂಲಿ ಕೊಡುವವರು ಬದಲಾಗಿದ್ದಾರೆ, ಅಷ್ಟೆ! ಹಾಲು ಎಷ್ಟೋ ಬೆಕ್ಕುಗಳಿಗೆ ಭೇದಿಯನ್ನೂ ತರುತ್ತದೆ. ಟೈಮರ್ ಇರುವ ತಿಂಡಿ ಡಬ್ಬಿಯನ್ನು 5ಕ್ಕೆ ತೆರೆಯುವಂತೆ ಇಡಿ. ಬೆಕ್ಕು ಮನುಷ್ಯರನ್ನು ಬಿಟ್ಟು ಡಬ್ಬಿಯನ್ನು ಕಾಯುತ್ತದೆ.

ಪ್ರಶ್ನೆ ಕೇಳಿದವರು: ಹೇಳಿ ನೋಡಿದೆ. ಡಬ್ಬಿ ಬೇಡವಂತೆ. ಬೆಕ್ಕು ಬಂದು ತಮ್ಮನ್ನು ಕರೆಯುವುದೇ ಅತ್ತೆಗೆ ಇಷ್ಟ.