ಅಪ್‌ಲೋಡ್ ಸಮಯಕ್ಕೆ, ವೆರಿಫೈ ತಡ: ನಷ್ಟ ಮುಂದಕ್ಕೆ ಹೋಗುತ್ತಾ?

ಸಂಬಳದ ಮಾಣಿ (ಪ್ರಶ್ನೆ): 2024-25ರಲ್ಲಿ ಫ್ಯೂಚರ್ಸ್ ಅಂಡ್ ಆಪ್ಷನ್ಸ್, ಅಂದರೆ ಎಫ್ ಅಂಡ್ ಓ ನಷ್ಟ 3.40 ಲಕ್ಷ, ಷೇರಿನ ಶಾರ್ಟ್ ಟರ್ಮ್ ನಷ್ಟ 60 ಸಾವಿರ. ಸಂಬಳ ಇದೆ, ಬ್ಯಾಂಕ್ ಬಡ್ಡಿ 40 ಸಾವಿರ. ರಿಟರ್ನ್ ಸೆಪ್ಟೆಂಬರ್ 15ಕ್ಕೇ ಅಪ್‌ಲೋಡ್ ಆಗಿದೆ. ಆಧಾರ್‌ಗೆ ಹಳೇ ನಂಬರ್ ಇದ್ದಿದ್ದರಿಂದ ಒಟಿಪಿ ಬರಲಿಲ್ಲ, ಇ-ವೆರಿಫೈ ಆಗಿದ್ದು ಅಕ್ಟೋಬರ್ 27ಕ್ಕೆ. 2022-23ರ ಲಾಂಗ್ ಟರ್ಮ್ ನಷ್ಟ 1.10 ಲಕ್ಷವೂ ಬಾಕಿ ಇದೆ, ಆ ವರ್ಷ ಎಲ್ಲಾ ಸಮಯಕ್ಕೆ ಆಗಿತ್ತು. ಅನುಭವ ಇರುವವರು ಹೇಳಿ.

ಬುಲ್ ರನ್ ಭಟ್ರು: ಹೋಯ್ತು ಮಾರಾಯ್ರೆ. ಒಂದು ವರ್ಷ ತಡವಾದರೆ ಹಿಂದಿನ ನಷ್ಟವೂ ಸೇರಿ ಎಲ್ಲಾ ಸತ್ತುಹೋಗುತ್ತೆ. ನಾನು ಎಂಟು ವರ್ಷದಿಂದ ಟ್ರೇಡಿಂಗ್ ಮಾಡ್ತಿದ್ದೇನೆ, ಒಂದು ಸಲವೂ ಜುಲೈ ದಾಟಿಸಿಲ್ಲ. ಈಗ ಉಳಿದಿರುವ ದಾರಿ ಅಂದರೆ ಅಪ್‌ಡೇಟೆಡ್ ರಿಟರ್ನ್ ಹಾಕಿ, ನಷ್ಟವನ್ನು ಅದರಲ್ಲಿ ತೋರಿಸಿ. ಸ್ವಲ್ಪ ಜಾಸ್ತಿ ದುಡ್ಡು ಕಟ್ಟಬೇಕಾಗುತ್ತೆ, ಅಷ್ಟೇ.

ಹಳೇ ಅಂಗಡಿ: ನಷ್ಟದ ವಿಷಯ ಅಂದರೆ ನನಗೆ ಇನ್ನೂ ಹೊಟ್ಟೆ ಉರಿಯುತ್ತೆ. 2018-19ರಲ್ಲಿ ನನ್ನ ಪ್ರಿಂಟಿಂಗ್ ವ್ಯಾಪಾರದಲ್ಲಿ 6.20 ಲಕ್ಷ ನಷ್ಟ. ಆ ವರ್ಷ ಕೊನೇ ದಿನವನ್ನು ಆಗಸ್ಟ್ 31ರ ತನಕ ಮುಂದೂಡಿದ್ದರು. ಕಾಗದ ಎಲ್ಲಾ ಜೂನ್‌ನಲ್ಲೇ ಕೊಟ್ಟಿದ್ದೆ. ಲೆಕ್ಕದವರು ಮಾತ್ರ ಡಿಸೆಂಬರ್‌ನಲ್ಲಿ ಹಾಕಿದರು. "ನಷ್ಟ ತಾನೇ, ಟ್ಯಾಕ್ಸ್ ಏನೂ ಬರಲ್ಲ, ಅರ್ಜೆಂಟ್ ಯಾಕೆ" ಅಂದರು. ಅದಕ್ಕೆ ಫೀಸು ಬೇರೆ 4,000 ತಗೊಂಡರು.

ಅಂಗಡಿ ಮುಚ್ಚಿ ಬೇರೆ ಕೆಲಸ ಶುರು ಮಾಡಿದೆ. 2021-22ರಲ್ಲಿ 9 ಲಕ್ಷ ಲಾಭ ಬಂತು. ಅದೇ ಲೆಕ್ಕದವರು ಹಳೇ 6.20 ಲಕ್ಷ ಕಳೆದು 2.80 ಲಕ್ಷ ಆದಾಯ ಅಂತ ತೋರಿಸಿದರು. ಟ್ಯಾಕ್ಸ್ ಸೊನ್ನೆ. ನಾನು ಖುಷಿಯಾಗಿದ್ದೆ. ಆಮೇಲೆ ರಿಟರ್ನ್ ಲೆಕ್ಕ ನೋಡುವ ಬೆಂಗಳೂರಿನ ಸಿಪಿಸಿಯಿಂದ 143(1) ಇಂಟಿಮೇಷನ್ ಬಂತು. ಎಡಗಡೆ ಕಾಲಂನಲ್ಲಿ ನಾವು ತೋರಿಸಿದ ಲೆಕ್ಕ, ಬಲಗಡೆ ಅವರ ಲೆಕ್ಕ. ನಷ್ಟದ ಸಾಲಿನಲ್ಲಿ ಎಡಕ್ಕೆ 6,20,000, ಬಲಕ್ಕೆ 0. ಕಟ್ಟಬೇಕಾದ್ದು 96,200, ಬಡ್ಡಿ ಬೇರೆ. ನಷ್ಟ ಆದ ವರ್ಷದ ರಿಟರ್ನ್ ತಡವಾಗಿದ್ದರೆ, ಅದನ್ನು ಕಳೆಯುವ ವರ್ಷದಲ್ಲಿ ಸಿಪಿಸಿಯೇ ಹೊಡೆದುಹಾಕುತ್ತೆ, ಮೊದಲು ತಿಳಿಸಿ ಉತ್ತರಕ್ಕೆ 30 ದಿನ ಕೊಡುತ್ತೆ ಅಷ್ಟೇ.

ಆಗ ಇನ್ನೊಬ್ಬರ ಹತ್ತಿರ ಹೋದೆ. ಅವರು ಹಳೇ ಲೆಕ್ಕ ತೆಗೆದು ಮೊದಲು ಕೇಳಿದ ಪ್ರಶ್ನೆ, "ಈ 6.20ರಲ್ಲಿ ಡಿಪ್ರಿಸಿಯೇಷನ್ ಎಷ್ಟು?" ಮೆಷಿನ್‌ಗಳ ಸವಕಳಿ ಅಂತ 1.85 ಲಕ್ಷ ಇತ್ತು. ಅದು ನಷ್ಟದ ಜೊತೆ ಸಾಯೋದಿಲ್ಲವಂತೆ. ಲಾಭ ಸಾಲದೆ ಕಳೆಯದೇ ಉಳಿದ ಡಿಪ್ರಿಸಿಯೇಷನ್‌ಗೆ ಸಮಯಕ್ಕೆ ಫೈಲ್ ಮಾಡಬೇಕು ಅನ್ನೋ ಷರತ್ತೂ ಇಲ್ಲ, ಎಂಟು ವರ್ಷದ ಮಿತಿಯೂ ಇಲ್ಲ. ಮೊದಲಿನವರು ಅದನ್ನೂ ಸೇರಿಸಿ ಎಲ್ಲಾ ಮುಂದಕ್ಕೆ ಒಯ್ಯುವ ನಷ್ಟದ Schedule CFL ನಲ್ಲಿ ತುಂಬಿದ್ದರು. ಅದು ಹೋಗಬೇಕಿದ್ದದ್ದು ಉಳಿದ ಡಿಪ್ರಿಸಿಯೇಷನ್‌ಗೇ ಇರುವ Schedule UD ಗೆ. ರೆಕ್ಟಿಫಿಕೇಷನ್ ಹಾಕಿದೆವು, ಮೊದಲ ಸಲ ತಿರಸ್ಕಾರ. ಕೊನೆಗೆ ನಮ್ಮ ವಾರ್ಡಿನ ಅಧಿಕಾರಿ ಕಡೆಯಿಂದ ಆಯ್ತು. 9 ಲಕ್ಷ 7.15 ಲಕ್ಷಕ್ಕೆ ಇಳಿಯಿತು, ಟ್ಯಾಕ್ಸ್ 57,720ಕ್ಕೆ ಬಂತು. 38,480 ಉಳಿಯಿತು. ಇವರ ಫೀಸು 7,500. ಬಾಕಿ 4.35 ಲಕ್ಷ ನಷ್ಟ ಮಣ್ಣುಪಾಲು. ಆ ಹಳೇ ಲೆಕ್ಕದವರು ಇವತ್ತಿಗೂ ಎದುರು ಸಿಕ್ಕಿದರೆ "ಚೆನ್ನಾಗಿದ್ದೀರಾ ಸಾರ್" ಅಂತಾರೆ.

ಲೆಡ್ಜರ್ ಅಕ್ಕ: ಭಟ್ರೇ, ಎರಡೂ ತಪ್ಪು. ಮೊದಲನೇದು, ಹಳೇ ವರ್ಷದ ನಷ್ಟ ಆ ವರ್ಷ ಸಮಯಕ್ಕೆ ಫೈಲ್ ಆಗಿದ್ದರೆ ಈ ವರ್ಷ ತಡವಾದರೂ ಉಳಿಯುತ್ತೆ. ಮಾಣಿಯ 1.10 ಲಕ್ಷ ಲಾಂಗ್ ಟರ್ಮ್ ನಷ್ಟಕ್ಕೆ ಏನೂ ಆಗಿಲ್ಲ, ಅಸೆಸ್‌ಮೆಂಟ್ ವರ್ಷ 2031-32, ಅಂದರೆ 2030-31ರ ಆದಾಯದ ತನಕ ಲಾಂಗ್ ಟರ್ಮ್ ಲಾಭದ ಎದುರು ಕಳೆಯಬಹುದು. ನಷ್ಟ ಮುಂದಕ್ಕೆ ಒಯ್ಯೋಕೆ ರಿಟರ್ನ್ ಸಮಯಕ್ಕೆ ಹಾಕಿರಬೇಕು ಅನ್ನೋ ಸೆಕ್ಷನ್ 80 ನೋಡೋದು ನಷ್ಟ ಆದ ಆ ವರ್ಷದ ರಿಟರ್ನನ್ನು ಮಾತ್ರ. ಎರಡನೇದು, ಅಪ್‌ಡೇಟೆಡ್ ರಿಟರ್ನ್‌ನಲ್ಲಿ ನಷ್ಟ ತೋರಿಸಿ ಮುಂದಕ್ಕೆ ಒಯ್ಯಲು ಆಗೋದೇ ಇಲ್ಲ. ಅದು ಇರೋದು ಟ್ಯಾಕ್ಸ್ ಹೆಚ್ಚು ಕಟ್ಟೋರಿಗೆ.

ಈಗ ಮಾಣಿಯ ವಿಷಯ. 2024-25ರ ರಿಟರ್ನ್‌ಗೆ ಕೊನೇ ದಿನ 2025ರ ಸೆಪ್ಟೆಂಬರ್ 16 ಆಗಿತ್ತು. ಅಪ್‌ಲೋಡ್ 15ಕ್ಕೆ. ಮೂವತ್ತು ದಿನದೊಳಗೆ, ಅಂದರೆ ಅಕ್ಟೋಬರ್ 15ರೊಳಗೆ ವೆರಿಫೈ ಆಗಿದ್ದರೆ ಅಪ್‌ಲೋಡ್ ದಿನವೇ ಫೈಲ್ ಮಾಡಿದ ದಿನ. ಅದು ದಾಟಿದರೆ ವೆರಿಫೈ ಮಾಡಿದ ದಿನವೇ ಫೈಲ್ ಮಾಡಿದ ದಿನ. ಹಾಗಾಗಿ ಇವರ ರಿಟರ್ನ್ ಲೆಕ್ಕಕ್ಕೆ ಅಕ್ಟೋಬರ್ 27ರದ್ದು, ತಡವಾದದ್ದು. 2022ರ ಆಗಸ್ಟ್‌ಗೆ ಮುಂಚೆ 120 ದಿನ ಇತ್ತು. ಆ ಅಭ್ಯಾಸದಲ್ಲೇ ಇನ್ನೂ ಎಷ್ಟೋ ಜನ ಬೀಳುತ್ತಾರೆ.

ಆದರೆ ಎಲ್ಲಾ ಹೋಗಿಲ್ಲ. ಅದೇ ವರ್ಷದೊಳಗೆ ಕಳೆದುಕೊಳ್ಳೋದಕ್ಕೆ ತಡ ಅಡ್ಡಿಯಲ್ಲ. ಎಫ್ ಅಂಡ್ ಓ ನಷ್ಟ ವ್ಯಾಪಾರದ ನಷ್ಟ ಅಂತ ಲೆಕ್ಕ, ಅದನ್ನು 40 ಸಾವಿರ ಬಡ್ಡಿಯ ಎದುರು ಕಳೆಯಬಹುದು. ಸಂಬಳದ ಎದುರು ಆಗಲ್ಲ. ಆಮೇಲೆ ಉಳಿಯೋದು 3 ಲಕ್ಷ ವ್ಯಾಪಾರದ ನಷ್ಟ, 60 ಸಾವಿರ ಶಾರ್ಟ್ ಟರ್ಮ್. ಈ 3.60 ಲಕ್ಷವೇ ಈಗ ತೂಗುಯ್ಯಾಲೆ ಮೇಲೆ ಇರೋದು.

ಬುಲ್ ರನ್ ಭಟ್ರು: ಅಕ್ಕ, ಪುಸ್ತಕ ಓದಿ ಹೇಳೋದು ಸುಲಭ. ಹಾಗಾದರೆ ಆಡಿಟ್ ಮಾಡಿಸಲಿ ಬಿಡಿ. ಆಡಿಟ್ ಕೇಸಿಗೆ 2025ರ ಡಿಸೆಂಬರ್ 10ರ ತನಕ ಇತ್ತು. ಅಕ್ಟೋಬರ್ 27 ಅದರೊಳಗೇ ಬರುತ್ತಲ್ವಾ?

ಲೆಡ್ಜರ್ ಅಕ್ಕ: ಆಡಿಟ್ ಬೇಕು ಅಂತ ಕಾನೂನು ಹೇಳಿದರೆ ಮಾತ್ರ ಆ ದಿನಾಂಕ. ನಮಗೆ ಬೇಕಾದಾಗ ಮಾಡಿಸಿಕೊಂಡು ದಿನಾಂಕ ಮುಂದೂಡೋಕೆ ಆಗಲ್ಲ. ಎಫ್ ಅಂಡ್ ಓಗೆ ಟರ್ನ್‌ಓವರ್ ಅಂದರೆ ಲಾಭವನ್ನೂ ನಷ್ಟವನ್ನೂ ಒಟ್ಟಿಗೆ ಕೂಡಿಸಿದ ಮೊತ್ತ, ಕಾಂಟ್ರಾಕ್ಟ್‌ನ ಬೆಲೆ ಅಲ್ಲ. ನಗದು ವ್ಯವಹಾರವೇ ಇಲ್ಲದವರಿಗೆ 10 ಕೋಟಿ ಮಿತಿ. ಮಾಣಿ ಅಲ್ಲಿ ತನಕ ಹೋಗಿಲ್ಲ ಅಂದುಕೊಳ್ಳುತ್ತೇನೆ.

ಪಾಲುದಾರ: ನಾನು ಮಾತ್ರ ನೆಮ್ಮದಿಯಾಗಿದ್ದೇನೆ. ನಮ್ಮ ಫರ್ಮಿಗೆ ಆಡಿಟ್ ಕಡ್ಡಾಯ. ಆಡಿಟ್ ಆಗಬೇಕಾದ ಫರ್ಮಿನ ಪಾಲುದಾರನಿಗೂ ಅದೇ ಕೊನೇ ದಿನ. ನನ್ನ ಸ್ವಂತ ಷೇರು ನಷ್ಟದ ರಿಟರ್ನ್ ನವೆಂಬರ್‌ನಲ್ಲಿ ಹಾಕಿದೆ, ಇಂಟಿಮೇಷನ್‌ನಲ್ಲಿ ಎರಡೂ ಕಾಲಂ ಒಂದೇ. ಜನ ಸುಮ್ನೆ ಸಂಬಳಕ್ಕೆ ಅಂಟಿಕೊಂಡು ಎಫ್ ಅಂಡ್ ಓ ಆಡ್ತಾರೆ, ಆಮೇಲೆ ಅಳ್ತಾರೆ. ವ್ಯಾಪಾರ ಮಾಡಿ ಅಂದ್ರೆ ಕೇಳಲ್ಲ.

ಹಳೇ ಅಂಗಡಿ: ವ್ಯಾಪಾರ ಮಾಡಿಯೇ ನಾನು 4.35 ಲಕ್ಷ ಕಳಕೊಂಡಿದ್ದು ಸ್ವಾಮಿ. ನಿಮ್ಮ ಫರ್ಮಿನ ಆಡಿಟ್ ಫೀಸು ಎಷ್ಟು ಅಂತಲೂ ಹೇಳಿ, ನೆಮ್ಮದಿಯ ಬೆಲೆ ಗೊತ್ತಾಗಲಿ.

ಮನೆ ಕಟ್ಟಿದವಳು: ನಾನು ಮನೆ ಸಾಲದ ಬಡ್ಡಿಯಿಂದ ಆದ ನಷ್ಟ ಮುಂದಕ್ಕೆ ಒಯ್ದಿದ್ದೇನೆ. ಹಳೇ ತೆರಿಗೆ ಪದ್ಧತಿಯಲ್ಲಿ, ರಿಟರ್ನ್ ತಡವಾಗಿ ಹಾಕಿದ್ದು. ಏನೂ ತೊಂದರೆ ಆಗಲಿಲ್ಲ, 5,000 ಲೇಟ್ ಫೀ ಕಟ್ಟಿದೆ. ಇಷ್ಟೊಂದು ಹೆದರಿಸೋದು ಯಾಕೆ?

ಲೆಡ್ಜರ್ ಅಕ್ಕ: ಮನೆ ಆಸ್ತಿಯ ನಷ್ಟಕ್ಕೆ ಸೆಕ್ಷನ್ 80 ತಾಕಲ್ಲ, ಅದಕ್ಕೇ ನಿಮಗೆ ನಡೆಯಿತು ತಾಯಿ. ಇಲ್ಲಿ ಕೇಳಿರೋದು ವ್ಯಾಪಾರ ಮತ್ತು ಷೇರಿನದ್ದು.

ಮನೆ ಕಟ್ಟಿದವಳು: ನಾನು ನನ್ನ ಅನುಭವ ಹೇಳಿದೆ. ಅನುಭವ ಕೇಳಿದ್ದರಲ್ವಾ?

ಸಂಬಳದ ಮಾಣಿ: ಅಕ್ಕ, ಪೋರ್ಟಲ್‌ನಲ್ಲಿ `Services` ಕೆಳಗೆ `Condonation Request` ಅಂತ ಇದೆಯಲ್ಲ. ವೆರಿಫೈ ತಡಕ್ಕೆ ಕಾರಣ ಬರೆದು ಕಳಿಸಿದ್ದೇನೆ. ಅದು ಒಪ್ಪಿಗೆ ಆದರೆ ಸಾಕಲ್ವಾ?

ಲೆಡ್ಜರ್ ಅಕ್ಕ: ಅದು ರಿಟರ್ನ್ ಬದುಕಿಸುತ್ತೆ, ಇಲ್ಲದಿದ್ದರೆ ಹಾಕಿಯೇ ಇಲ್ಲ ಅನ್ನೋ ಲೆಕ್ಕ. ದಿನಾಂಕ ಹಿಂದಕ್ಕೆ ಹೋಗುತ್ತಾ ಅನ್ನೋದೇ ತಂಟೆ. ನಿಯಮದ ಮಾತು ನೋಡಿದರೆ ಹೋಗಲ್ಲ. ನನ್ನ ಕಣ್ಣಿಗೆ ಬಿದ್ದ ಒಂದು ಕೇಸಿನಲ್ಲಿ ನಷ್ಟ ಹಾಗೇ ಕಾಣಿಸಿತ್ತು, ಇನ್ನೊಂದರಲ್ಲಿ ಸೊನ್ನೆ. ಹಾಗಾಗಿ ಇಂಟಿಮೇಷನ್ ಬಂದ ದಿನ ಮೊದಲು ನೋಡಬೇಕಾದ್ದು ಟ್ಯಾಕ್ಸ್ ಅಲ್ಲ, ಮುಂದಕ್ಕೆ ಹೋಗುವ ನಷ್ಟದ ಸಾಲಿನ ಬಲಗಡೆ ಕಾಲಂ. ಅಲ್ಲಿ ಸೊನ್ನೆ ಇದ್ದರೆ ತಡ ಮನ್ನಿಸಿ ನಷ್ಟ ಮುಂದಕ್ಕೆ ಒಯ್ಯಲು ಬಿಡಿ ಅಂತ ಸೆಕ್ಷನ್ 119(2)(ಬಿ) ಅಡಿ ಬೇರೆ ಅರ್ಜಿ ಹಾಕಿ, ನಿಮ್ಮ ವ್ಯಾಪ್ತಿಯ ಪ್ರಿನ್ಸಿಪಲ್ ಕಮಿಷನರ್‌ಗೆ. 1 ಕೋಟಿ ತನಕ ಅವರೇ ತೀರ್ಮಾನ ಮಾಡಬಹುದು. 2024ರ ಅಕ್ಟೋಬರ್ 1ರ ಸುತ್ತೋಲೆ ಪ್ರಕಾರ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ ಐದು ವರ್ಷ ಸಮಯ ಇದೆ, ನಿಮಗೆ 2031ರ ಮಾರ್ಚ್ 31. ಆದರೆ ಒಂದು ಮಾತು. "ಒಟಿಪಿ ಬರಲಿಲ್ಲ" ಅಂದರೆ ಅಧಿಕಾರಿ ಕೇಳೋದು, ನೆಟ್‌ಬ್ಯಾಂಕಿಂಗ್‌ನಲ್ಲಿ ಯಾಕೆ ಮಾಡಲಿಲ್ಲ, ಐಟಿಆರ್-ವಿ ಅನ್ನೋ ವೆರಿಫೈ ಫಾರ್ಮಿಗೆ ಸಹಿ ಮಾಡಿ ಬೆಂಗಳೂರಿಗೆ ಸ್ಪೀಡ್ ಪೋಸ್ಟ್ ಯಾಕೆ ಹಾಕಲಿಲ್ಲ ಅಂತ. ಆಧಾರ್ ನಂಬರ್ ಬದಲಿಸಲು ಅರ್ಜಿ ಹಾಕಿದ ರಸೀದಿ ಸೆಪ್ಟೆಂಬರ್‌ನದ್ದು ಇದ್ದರೆ ಜೋಪಾನ ಮಾಡಿ.

ಬುಲ್ ರನ್ ಭಟ್ರು: ಅಷ್ಟೆಲ್ಲಾ ಓಡಾಡಿ ಉಳಿಯೋದು ಏನು? ಆ 3 ಲಕ್ಷ ಮುಂದೆ ವ್ಯಾಪಾರದ ಲಾಭದ ಎದುರು ಮಾತ್ರ ಕಳೆಯೋದು. ಮಾಣಿ ಮತ್ತೆ ಎಫ್ ಅಂಡ್ ಓ ಆಡದಿದ್ದರೆ ಅದು ಬರೀ ಕಾಗದ.

ಹಳೇ ಅಂಗಡಿ: ಇದೊಂದು ಮಾತು ಮಾತ್ರ ಭಟ್ರು ಸರಿಯಾಗಿ ಹೇಳಿದರು. ಆದರೆ ಎಂಟು ವರ್ಷದಲ್ಲಿ ಏನು ವ್ಯಾಪಾರ ಶುರು ಮಾಡ್ತೀರೋ ಯಾರಿಗೆ ಗೊತ್ತು. ನಾನು ಅಂಗಡಿ ಮುಚ್ಚಿದ ದಿನ ಇನ್ನೆಂದೂ ಬೇಡ ಅಂದುಕೊಂಡಿದ್ದೆ. ಅದೇ ವ್ಯಾಪಾರ ಇರಬೇಕು ಅಂತಲೂ ಇಲ್ಲ.

ಪಾಲುದಾರ: ಅಂಗಡಿಯವರೇ, ಆಡಿಟ್ ಫೀಸು ಕೇಳಿದ್ದರಲ್ಲ. 35,000. ಪಾಲುದಾರರು ಮೂವರು ಹಂಚಿಕೊಳ್ಳುತ್ತೇವೆ.

ಹಳೇ ಅಂಗಡಿ: ಅದರಲ್ಲಿ ಒಂದು ಪಾಲು ಕೊಟ್ಟಿದ್ದರೆ ನನ್ನ ಲೆಕ್ಕದವರು ಜೂನ್‌ನಲ್ಲೇ ಫೈಲ್ ಮಾಡ್ತಿದ್ದರೋ ಏನೋ.

ಸಂಬಳದ ಮಾಣಿ: ಆಧಾರ್ ಸೆಂಟರ್ ರಸೀದಿ ಸಿಕ್ಕಿತು, ಸೆಪ್ಟೆಂಬರ್ 22ರದ್ದು. ಇಂಟಿಮೇಷನ್ ಇನ್ನೂ ಬಂದಿಲ್ಲ.