ಎದೆ ಕೆಂಪಾಗಿದೆ, ಜ್ವರ ಬಿಡುತ್ತಿಲ್ಲ, ಪಂಪ್ ಹಾಕಿದರೂ ಗಂಟು ಕರಗುತ್ತಿಲ್ಲ

ಹೊಸನಗರದ ಬಾಣಂತಿ: ಎಡಗಡೆ ಎದೆ ಕೆಂಪಾಗಿ ಕಲ್ಲಿನ ಹಾಗಾಗಿದೆ. ಜ್ವರ 102, ಚಳಿ ನಡುಕ ಬೇರೆ. ಮಗು ಕುಡಿದ ಮೇಲೆ ಪ್ರತಿ ಸಲ ಪಂಪ್ ಹಾಕಿ ಖಾಲಿ ಮಾಡುತ್ತಿದ್ದೇನೆ. ಗಂಟು ಅಲ್ಲಾಡುತ್ತಿಲ್ಲ! ಸಾಕಾಗಿ ಹೋಗಿದೆ.

ಸಾಗರದಕ್ಕ: ಹಾಲು ಕಟ್ಟಿದೆ, ಅಷ್ಟೇ. ಹಂಡೆ ನೀರು ಬಿಸಿಬಿಸಿ ಹುಯ್ಯಿಸಿಕೊಂಡು, ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸಿಕೊಳ್ಳಿ. ಇನ್ನೂ ಜಾಸ್ತಿ ಪಂಪ್ ಮಾಡಿ.

ಕೊಪ್ಪದ ಅಮ್ಮ: ಪಂಪ್ ಯಾವುದು? ನನ್ನದು ಎರಡೂ ಕಡೆ ಒಟ್ಟಿಗೆ ಎಳೆಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ಬ್ಯಾಟರಿ ಇದೆ.

ವಾರ್ಡ್ ಸಿಸ್ಟರ್: ಸಾಗರದಕ್ಕಾ, ಹಾಲು ಕೊಡುತ್ತಲೇ ಇರಬೇಕು, ನಿಜ. ಆದರೆ ತಿಕ್ಕುವುದು ಬೇಡ, ಒಳಗಿನ ಊತ ಜಾಸ್ತಿಯಾಗುತ್ತದೆ. ಪಂಪ್‌ನಿಂದ ಹಾಲು ಇನ್ನೂ ಹೆಚ್ಚು ಇಳಿದು ಊತ ಏರುತ್ತದೆ. ಮಗು ಕೇಳಿದಷ್ಟು ಕೊಡಿ, ಸಾಕು. ಆಮೇಲೆ ತಣ್ಣೀರು ಬಟ್ಟೆ ಇಡಿ. ಜ್ವರ ಶುರುವಾಗಿ ಎಷ್ಟು ದಿನ? ಮಾತ್ರೆ ಏನಾದರೂ ತಗೊಂಡಿರಾ?

ಹೊಸನಗರದ ಬಾಣಂತಿ: ಇವತ್ತು ಐದನೇ ದಿನ. ಮೆಡಿಕಲ್ ಶಾಪಿನವರು ಅಮಾಕ್ಸಿಸಿಲಿನ್ ಕೊಟ್ಟಿದ್ದರು, ಮೂರು ದಿನ ನುಂಗಿದ್ದೇನೆ. ಅದನ್ನೂ ಹೇಳಬೇಕಿತ್ತಾ?

ವಾರ್ಡ್ ಸಿಸ್ಟರ್: ಎಲ್ಲಕ್ಕಿಂತ ಮೊದಲು ಹೇಳಬೇಕಾದ್ದು ಅದೇ! ಎದೆಯ ಇಂಥ ಸೋಂಕಿಗೆ ಹೆಚ್ಚಾಗಿ ಕಾರಣ ಸ್ಟಫಿಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ. ಬರೀ ಅಮಾಕ್ಸಿಸಿಲಿನ್‌ಗೆ ಅದು ಸಾಮಾನ್ಯವಾಗಿ ಬಗ್ಗುವುದಿಲ್ಲ. ಡಾಕ್ಟರ್ ಸಾಮಾನ್ಯವಾಗಿ ಸೆಫಲೆಕ್ಸಿನ್ ಅಥವಾ ಕ್ಲಾಕ್ಸಾಸಿಲಿನ್ ಥರದ್ದು, ಹತ್ತು ಹದಿನಾಲ್ಕು ದಿನಕ್ಕೆ ಬರೆಯುತ್ತಾರೆ. ಸಣ್ಣ ಜ್ವರ, ಸ್ವಲ್ಪ ಕೆಂಪು ಅಂದರೆ ಒಂದು ದಿನ ಕಾದು ನೋಡಬಹುದು. ನಿಮ್ಮದು ಕಾಯುವ ಹಂತ ದಾಟಿದೆ. ಸರಿಯಾದ ಮಾತ್ರೆ ಬಿದ್ದ ಮೇಲೂ ಎರಡು ದಿನದಲ್ಲಿ ಗಂಟು ಇಳಿಯದಿದ್ದರೆ ಕೀವು ಇರಬಹುದು. ಆಳದಲ್ಲಿದ್ದರೆ ಕೈಗೆ ಗೊತ್ತಾಗುವುದಿಲ್ಲ, ಸ್ಕ್ಯಾನ್ ಬೇಕು. ಇವತ್ತೇ ಶಿವಮೊಗ್ಗಕ್ಕೆ ಹೊರಡಿ.

ಸಾಗರದಕ್ಕ: ಆಪರೇಷನ್ ಅಂತ ಹೆದರಿಸಬೇಡಿ. ನಮ್ಮ ಕಾಲದಲ್ಲಿ ಎಲೆಕೋಸಿನ ಎಲೆ ಇಟ್ಟೇ ವಾಸಿಯಾಗುತ್ತಿತ್ತು. ಆ ಕಡೆ ಹಾಲಂತೂ ಕುಡಿಸಬೇಡಿ, ಮಗುವಿಗೆ ವಿಷ.

ವಾರ್ಡ್ ಸಿಸ್ಟರ್: ಎಲೆ ತಂಪು ಕೊಡುತ್ತದೆ, ಕೀವು ತೆಗೆಯುವುದಿಲ್ಲ. ಹಾಲು ವಿಷವಲ್ಲ. ಗಾಯ ಮಗುವಿನ ಬಾಯಿ ತಾಗುವ ಜಾಗದಲ್ಲೇ ಇದ್ದರೆ ಮಾತ್ರ ಆ ಕಡೆ ಕೈಯಿಂದ ಹಿಂಡಿ. ಆಪರೇಷನ್ ಅಂದೆನಾ? ಹೆಚ್ಚಿನ ಸಲ ಮರಗಟ್ಟಿಸಿ ಸೂಜಿಯಲ್ಲೇ ಎಳೆಯುತ್ತಾರೆ. ಮತ್ತೆ ತುಂಬಿದರೆ ಮತ್ತೆ ಎಳೆಯುತ್ತಾರೆ. ದೊಡ್ಡದಾಗಿದ್ದರೆ, ಚರ್ಮ ತೆಳುವಾಗಿ ಹೊಳೆಯುತ್ತಿದ್ದರೆ ಸಣ್ಣ ಕೊಯ್ತ. ಯಾವ ರೋಗಾಣು, ಯಾವ ಮಾತ್ರೆಗೆ ಬಗ್ಗುತ್ತದೆ ಅಂತ ನೋಡಲು ಆ ಕೀವನ್ನು ಕಲ್ಚರ್ ಪರೀಕ್ಷೆಗೆ ಕಳಿಸಲು ಮರೆಯದೆ ಕೇಳಿ.

ಹೊಸನಗರದ ಬಾಣಂತಿ: ಸ್ಕ್ಯಾನ್ ಆಯಿತು. ಮೂರು ಸೆಂಟಿಮೀಟರ್ ಕೀವು. ಸೂಜಿಯಲ್ಲಿ ತೆಗೆದರು, ಮಾತ್ರೆ ಬದಲಾಯಿಸಿದರು. ಜ್ವರ ಇಳಿದಿದೆ, ಗಂಟು ಸ್ವಲ್ಪ ಉಳಿದಿದೆ. ಮತ್ತೆ ಸ್ಕ್ಯಾನ್‌ಗೆ ಬರಲು ಹೇಳಿದ್ದಾರೆ. ಕಲ್ಚರ್ ವರದಿ ಬಂದಿಲ್ಲ, ಅದು ಬಂದ ಮೇಲೆ ಮಾತ್ರೆ ಮತ್ತೆ ಬದಲಾಗಬಹುದಂತೆ.

ಕೊಪ್ಪದ ಅಮ್ಮ: ಹಾಗಾದರೆ ನಿಮ್ಮ ಪಂಪ್ ಮಾರುತ್ತೀರಾ? ನನ್ನ ತಂಗಿಗೆ ಬೇಕಿತ್ತು.