ಪೀನ ಮಸೂರದ ಲೆಕ್ಕದಲ್ಲಿ 6 ಸೆಂ.ಮೀ. ಎಲ್ಲಿಂದ ಬಂತು?

ಪೋಷಕಿ, ಹರಿಹರ: ಪೀನ ಮಸೂರದ ಸಂಗಮದೂರ 15 ಸೆಂ.ಮೀ., ವಸ್ತು ಮಸೂರದಿಂದ 10 ಸೆಂ.ಮೀ. ದೂರದಲ್ಲಿದೆ. ಮಗಳಿಗೆ v = 6 ಬರ್ತಿದೆ, ಉತ್ತರ −30 ಅಂತಿದೆ. ಎಲ್ಲಿ ತಪ್ಪಿದಾಳೆ? ಚಿತ್ರನೂ ಬರೀಬೇಕಂತೆ.

ಟ್ಯೂಷನ್ ಹೇಳುವವರು, ಚಿತ್ರದುರ್ಗ: u ಗೆ ಮೈನಸ್, ಪೀನ ಮಸೂರ ಆದ್ದರಿಂದ f ಗೆ ಪ್ಲಸ್. ಪ್ರತಿಬಿಂಬ ಮಿಥ್ಯ, ಹಾಗಾಗಿ v ಗೂ ಮೊದಲೇ ಮೈನಸ್ ಹಾಕಿಬಿಡಲಿ.

ವಿಜ್ಞಾನ ಶಿಕ್ಷಕಿ, ದಾವಣಗೆರೆ: u, f ಬಗ್ಗೆ ಹೇಳಿದ್ದು ಸರಿ ಸರ್. ಆದರೆ ಕಂಡುಹಿಡಿಯಬೇಕಾದ v ಗೆ ನಾವೇ ಚಿಹ್ನೆ ಹಾಕಬಾರದು. ಹಾಕಿದರೆ +30 ಬರುತ್ತೆ, ಮಕ್ಕಳು ಅದನ್ನು ನೋಡಿ ಸತ್ಯ ಪ್ರತಿಬಿಂಬ ಅಂತ ಬರೆದುಬಿಡ್ತಾರೆ.

6 ಬರೋಕೆ ದಾರಿ ಎರಡಿವೆ. ಸೂತ್ರ ಸರಿ ಬರೆದು u = 10 ಅಂತ ಚಿಹ್ನೆಯಿಲ್ಲದೆ ಹಾಕಿದರೂ 6, u = −10 ಸರಿಯಾಗಿ ಹಾಕಿ ದರ್ಪಣದ ಸೂತ್ರ ಬಳಸಿದರೂ 6. ಯಾವುದು ಅಂತ ಬೆಲೆ ಹಾಕಿದ ಸಾಲು ನೋಡಿದರೆ ಗೊತ್ತಾಗುತ್ತೆ. ಸರಿಯಾದದ್ದು ಹೀಗೆ:

```
1/v − 1/u = 1/f
u = −10, f = +15
1/v = 1/15 − 1/10 = −1/30
v = −30 cm
m = v/u = (−30)/(−10) = +3
```

v ಮೈನಸ್ ಅಂದರೆ ಪ್ರತಿಬಿಂಬ ವಸ್ತು ಇರುವ ಕಡೆಗೇ ಇದೆ. m ಪ್ಲಸ್ ಅಂದರೆ ನೇರವಾಗಿದೆ. 6 ಬಂದಾಗಲೇ ಅನುಮಾನ ಬರಬೇಕಿತ್ತು: ಪೀನ ಮಸೂರದ ಮುಂದೆ ಇಟ್ಟ ವಸ್ತುವಿನ ಸತ್ಯ ಪ್ರತಿಬಿಂಬ ಸಂಗಮದೂರಕ್ಕಿಂತ ಹತ್ತಿರ ಬೀಳೋದೇ ಇಲ್ಲ.

ಚಿತ್ರಕ್ಕೆ 5 ಸೆಂ.ಮೀ.ಗೆ 1 ಸೆಂ.ಮೀ. ಅಳತೆ ಇಟ್ಟುಕೊಳ್ಳಲಿ. ಎರಡೂ ಕಡೆ F ಮಸೂರದಿಂದ 3 ಸೆಂ.ಮೀ.ಗೆ, ವಸ್ತು ಎಡಕ್ಕೆ 2 ಸೆಂ.ಮೀ.ಗೆ, ಎತ್ತರ 1 ಸೆಂ.ಮೀ. ವಸ್ತುವಿನ ತುದಿಯಿಂದ ಅಕ್ಷಕ್ಕೆ ಸಮಾಂತರವಾಗಿ ಹೋದ ಕಿರಣ ಮಸೂರ ದಾಟಿ ಬಲಗಡೆಯ F ಮೂಲಕ ಹೋಗುತ್ತೆ, ಮಸೂರದ ನಡುಬಿಂದುವಿಗೆ ಬಿದ್ದದ್ದು ನೇರ ಹೋಗುತ್ತೆ. ಬಲಗಡೆ ಇವೆರಡೂ ದೂರ ಸರಿಯುತ್ತವೆ. ಆಗ ಮಕ್ಕಳು ಗಾಬರಿಯಾಗಿ ಬಗ್ಗಿಸಿ ಸೇರಿಸ್ತಾರೆ, ಅದೇ ತಪ್ಪು. ಎಡಕ್ಕೆ ಚುಕ್ಕೆಗೆರೆಯಲ್ಲಿ ಹಿಂದೆ ಎಳೆದರೆ 6 ಸೆಂ.ಮೀ.ಗೆ, 3 ಸೆಂ.ಮೀ. ಎತ್ತರದಲ್ಲಿ ಸೇರುತ್ತವೆ. ಬಾಣದ ಗುರುತು ಗಟ್ಟಿ ಗೆರೆಯ ಕಿರಣಗಳಿಗೆ ಮಾತ್ರ.

ಪೋಷಕ, ಹೊಳಲ್ಕೆರೆ: ನಮ್ಮ ಹುಡುಗಂಗೂ ಇದೇ 15, 10 ಕೊಟ್ಟಿದ್ರು. ಅವನು +30 ಬರೆದ, ಪೂರ್ತಿ ಮಾರ್ಕ್ಸ್ ಬಂದಿದೆ. ನಿಮ್ಮ ಉತ್ತರ ಒಂದ್ಸಲ ನೋಡಿ ಮೇಡಂ.

ಶಿಕ್ಷಕಿ: ಅದು ನಿಮ್ನ ದರ್ಪಣದ ಪ್ರಶ್ನೆ ಇರಬೇಕು, ನೋಡಿ. ಅಲ್ಲಿ f = −15, ಸೂತ್ರದ ನಡುವೆ ಪ್ಲಸ್, ಹಾಗಾಗಿ v = +30. ದರ್ಪಣದಲ್ಲಿ ಮಿಥ್ಯ ಪ್ರತಿಬಿಂಬ ಹಿಂದುಗಡೆ, ಅಂದರೆ ಬಲಕ್ಕೆ ಬೀಳುತ್ತೆ. ವರ್ಧನೆ −v/u, ಅದೂ +3 ಬರುತ್ತೆ.

ಪೋಷಕ, ಹೊಳಲ್ಕೆರೆ: ಹೌದು ಮೇಡಂ, ದರ್ಪಣನೇ.

ಪೋಷಕಿ, ಹರಿಹರ: ಮಗಳು u = 10 ಅಂತಲೇ ಹಾಕಿದಾಳೆ, ಮೈನಸ್ ಇಲ್ಲ. ಸೂತ್ರ ಸರಿ ಇದೆ. ಏನಾದ್ರೂ ಅಂಕ ಸಿಗುತ್ತಾ?

ಶಿಕ್ಷಕಿ: ಸೂತ್ರದ ಅಂಕ ಸಿಗಬೇಕು. ಮುಂದಿನ ಹಂತಗಳಿಗೆ ನಾನಾದರೆ ಕೊಡಲ್ಲ, ಬೆಲೆ ಹಾಕಿದ ಸಾಲೇ ತಪ್ಪಿದೆ.

ಟ್ಯೂಷನ್ ಹೇಳುವವರು: ಲೆಕ್ಕ ಸರಿ ಬಿಡಿಸಿದ್ದರೆ ಅರ್ಧ ಅಂಕ ಕೊಡಬಹುದು ಅನ್ನೋದು ನನ್ನ ಅಭಿಪ್ರಾಯ ಮೇಡಂ.